ಎಲ್ಲರಿಗೂ ಮುಕ್ತ, ಹೊರಗಿನವರಿಗೆ ಮಾತ್ರ ಇಲ್ಲ

ಸಂಸ್ಥೆಯೊಂದು ತನ್ನ ಹೊಸ ಯೋಜನೆಯ ಬಗ್ಗೆ ಹೊರಗಿನವರ ಅಭಿಪ್ರಾಯ ಕೇಳಬೇಕೆಂದು ತೀರ್ಮಾನಿಸಿತು ಎಂದಿಟ್ಟುಕೊಳ್ಳಿ. ತೀರ್ಮಾನ ಒಳ್ಳೆಯದೇ. ಇಪ್ಪತ್ತೆರಡು ಸ್ಲೈಡುಗಳ ಡೆಕ್ ತಯಾರಾಗುತ್ತದೆ. ಮೂರನೇ ಸ್ಲೈಡಿನಲ್ಲಿ ‘ಪಾರದರ್ಶಕತೆ’ ಎಂಬ ಪದ ದೊಡ್ಡ ಅಕ್ಷರಗಳಲ್ಲಿ ಕೂರುತ್ತದೆ. ಅದಕ್ಕೆ ನೀಲಿ ಬಣ್ಣವೋ ಹಸಿರೋ ಎಂಬ ಚರ್ಚೆಗೆ ಎರಡು ಸಭೆ ಖರ್ಚಾಗುತ್ತವೆ. ಲಿಂಕ್ ಯಾರಿಗೆ ತೆರೆದುಕೊಳ್ಳಬೇಕು ಎಂಬ ಚರ್ಚೆಗೆ ಅರ್ಧ ನಿಮಿಷವೂ ಇಲ್ಲ. ಲಿಂಕ್ ಅಂದಮೇಲೆ ತೆರೆದುಕೊಳ್ಳದೆ ಏನು?

ಶುಕ್ರವಾರ ಸಂಜೆ ಮೇಲ್ ಹೊರಡುತ್ತದೆ. “ಡೆಕ್ ಎಲ್ಲರಿಗೂ ಮುಕ್ತವಾಗಿದೆ. ಕೆಳಗಿನ ಲಿಂಕ್ ಒತ್ತಿ ನೋಡಿ, ಸೋಮವಾರ ಬೆಳಿಗ್ಗೆಯೊಳಗೆ ಅಭಿಪ್ರಾಯ ತಿಳಿಸಿ.” ಕಳಿಸಿದವರು ಲ್ಯಾಪ್‌ಟಾಪ್ ಮುಚ್ಚಿ ರಜೆಗೆ ಹೋಗುತ್ತಾರೆ.

ಹೊರಗಿನ ಓದುಗ ಲಿಂಕ್ ಒತ್ತುತ್ತಾನೆ. ಮೊದಲು ಬರುವುದು ಸ್ಲೈಡಲ್ಲ, ಲಾಗಿನ್ ಪುಟ. ಸರಿ, ಖಾತೆ ಇದೆಯಲ್ಲ ಎಂದು ಲಾಗಿನ್ ಆಗುತ್ತಾನೆ. ಆಗ ‘You need access’ ಎಂಬ ಪುಟ ದರ್ಶನ ಕೊಡುತ್ತದೆ. ಎಲ್ಲರಿಗೂ ಮುಕ್ತವಾದ ಡೆಕ್ಕಿನ ಬಾಗಿಲಲ್ಲಿ ಅವನೀಗ ಅರ್ಜಿದಾರ. ‘Request access’ ಎಂಬ ಗುಂಡಿ ಒತ್ತಿದರೆ ಅರ್ಜಿ ಯಾರಿಗೆ ಹೋಗುತ್ತದೆ? ಫೈಲಿನ ಮಾಲೀಕರ ಇನ್‌ಬಾಕ್ಸಿಗೆ. ಮಾಲೀಕರು ಎಲ್ಲಿ? ರಜೆಯಲ್ಲಿ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಸಾರಿದವರು, ಅದನ್ನು ಕೊಡಲು ಅನುಮತಿ ಬೇಡಬೇಕಾದ ಏರ್ಪಾಡನ್ನೂ ಮಾಡಿಟ್ಟು ಹೋಗಿದ್ದಾರೆ.

ಸೋಮವಾರ ಯಾರೋ ಧೈರ್ಯ ಮಾಡಿ ಫೋನ್ ಮಾಡುತ್ತಾರೆ.

“ಮೇಡಂ, ಲಿಂಕ್ ಓಪನ್ ಆಗ್ತಿಲ್ಲ. ಆಕ್ಸೆಸ್ ಕೇಳ್ತಿದೆ.”

“ಹೌದಾ? ತಡೀರಿ, ನೋಡ್ತೀನಿ... ನಮಗೆ ಆಗ್ತಿದೆಯಲ್ಲಾ!”

ಈ ‘ನಮಗೆ ಆಗ್ತಿದೆಯಲ್ಲಾ’ ಎಂಬುದು ಸಾಮಾನ್ಯ ಉತ್ತರವಲ್ಲ, ಅದೊಂದು ತೀರ್ಪು. ಪಕ್ಕದ ಮೇಜಿನವರಿಗೂ ಕಳಿಸಿ ನೋಡುತ್ತಾರೆ, ಅವರಿಗೂ ಆಗುತ್ತದೆ. ಮೇಲಿನ ಮಹಡಿಯ ಸಾಹೇಬರಿಗೂ ಆಗುತ್ತದೆ. ಇಷ್ಟು ಜನಕ್ಕೆ ತೆರೆದುಕೊಂಡ ಮೇಲೆ ದೋಷ ನಿಮ್ಮದೇ ಇರಬೇಕು: ಬ್ರೌಸರ್ ಹಳೆಯದಿರಬೇಕು, ನೆಟ್ ನಿಧಾನ ಇರಬೇಕು, ಫೋನಲ್ಲಿ ನೋಡುತ್ತಿರಬೇಕು. “ಒಂದ್ಸಲ ಕ್ಯಾಶ್ ಕ್ಲಿಯರ್ ಮಾಡಿ ನೋಡಿ.” ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವನ್ನು ಡೊಂಕು ಮಾಡಿದವರೇ ಕುಣಿಯುವವರ ಕಾಲು ಪರೀಕ್ಷಿಸುತ್ತಿದ್ದಾರೆ.

ಈ ಪರೀಕ್ಷೆಯ ಸೊಗಸು ಗಮನಿಸಿ. ಗೂಗಲ್ ಡ್ರೈವಿನಲ್ಲಿ ಫೈಲ್ ತೆರೆದು ‘Share’ ಒತ್ತಿದರೆ ಕೆಳಗಡೆ ‘General access’ ಎಂಬ ಸಾಲಿದೆ. ಸಂಸ್ಥೆಯ ಖಾತೆಯಾದರೆ ಅಲ್ಲಿ ಮೂರು ಆಯ್ಕೆ. ‘Restricted’ ಎಂದರೆ ಹೆಸರು ಹಿಡಿದು ಸೇರಿಸಿದವರಿಗಷ್ಟೇ. ಎರಡನೆಯದು ಸಂಸ್ಥೆಯದೇ ಹೆಸರು, ಅಂದರೆ ಅದರ ಖಾತೆಯಿಂದ ಲಾಗಿನ್ ಆದವರಿಗೆಲ್ಲ. ಮೂರನೆಯದು ‘Anyone with the link’, ಲಿಂಕ್ ಕೈಗೆ ಸಿಕ್ಕಿದ ಯಾರಿಗಾದರೂ, ಲಾಗಿನ್ ಕೂಡ ಬೇಡ. ನಮ್ಮ ಡೆಕ್ ನಿಂತಿರುವುದು ಎರಡನೆಯದರಲ್ಲಿ. ಹಾಗಾಗಿ ಕಚೇರಿಯೊಳಗೆ ಯಾರಿಂದ ತೆರೆಸಿದರೂ ತೆರೆದುಕೊಳ್ಳುತ್ತದೆ. ಸಾವಿರ ಜನರಿಂದ ತೆರೆಸಿ ನೋಡಿ, ಸಾವಿರವೂ ಪಾಸು. ಯಾರಿಗೆ ಸೋಲಲು ಸಾಧ್ಯವೇ ಇಲ್ಲವೋ ಅವರನ್ನೇ ಹುಡುಕಿ ಹುಡುಕಿ ಪರೀಕ್ಷೆಗೆ ಕೂರಿಸಿದ್ದಾರೆ. ಡೆಕ್ ಯಾರಿಗಾಗಿ ತಯಾರಾಯಿತೋ ಅವರೊಬ್ಬರೇ ನಪಾಸು.

ನಿಜವಾದ ಪರೀಕ್ಷೆ ಎಷ್ಟು ಸುಲಭ ಎಂದರೆ ಅದಕ್ಕೆ ಸಭೆ ಕರೆಯಲೂ ಆಗದು. ಕ್ರೋಮಿನಲ್ಲಿ Ctrl+Shift+N ಒತ್ತಿದರೆ ಇನ್‌ಕಾಗ್ನಿಟೊ ಕಿಟಕಿ ತೆರೆಯುತ್ತದೆ. ಅದಕ್ಕೆ ನೀವು ಯಾರೆಂದು ಗೊತ್ತಿಲ್ಲ. ನಿಮ್ಮ ಹುದ್ದೆ, ಸಾಹೇಬರ ಜೊತೆಗಿನ ಸಲುಗೆ ಯಾವುದೂ ಅದರ ಗಣನೆಗಿಲ್ಲ. ಲಿಂಕನ್ನು ಅಲ್ಲಿ ಅಂಟಿಸಿ ಎಂಟರ್ ಒತ್ತಿ. ಮೊದಲ ಸ್ಲೈಡ್ ಬಂದರೆ ಹೊರಗಿನವರಿಗೂ ಬರುತ್ತದೆ. ಲಾಗಿನ್ ಪುಟ ಬಂದರೆ ಬೀಗ ಹಾಕಿದೆ ಎಂದೇ ಅರ್ಥ, ಮುಂದೆ ವಾದವಿಲ್ಲ. ಆದರೆ ಅಲ್ಲೂ ಒಬ್ಬ ಮಹಾಶಯರು ಲಾಗಿನ್ ಪುಟ ಬಂದ ಕೂಡಲೇ ಅಭ್ಯಾಸಬಲದಿಂದ ತಮ್ಮ ಕಚೇರಿ ಖಾತೆಯಿಂದಲೇ ಲಾಗಿನ್ ಆಗಿ, “ನೋಡಿ, ಇನ್‌ಕಾಗ್ನಿಟೊದಲ್ಲೂ ಬರ್ತಿದೆ” ಎಂದು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅಂಥವರಿಗೆ ಕಂಪ್ಯೂಟರ್ ಏನು ತಾನೇ ಮಾಡೀತು?

ದೂರು ಹೆಚ್ಚಾದಾಗ ಪರಿಹಾರ ಕಾರ್ಯ ಶುರು. ‘General access’ ಅನ್ನು ‘Anyone with the link’ಗೆ ಬದಲಿಸಿ, ಪಕ್ಕದಲ್ಲಿ ‘Viewer’ ಇದೆಯೇ ನೋಡಿ, ‘Done’ ಒತ್ತಿದರೆ ಕೆಲಸ ಮುಗಿಯಿತು. ಅನುಮತಿ ಬದಲಾದರೆ ಲಿಂಕ್ ಬದಲಾಗುವುದಿಲ್ಲ. ಶುಕ್ರವಾರ ಎಲ್ಲರ ಮೇಲ್‌ಬಾಕ್ಸಿಗೆ ಹೋಗಿ ಕೂತ ಅದೇ ಲಿಂಕ್ ಆ ಕ್ಷಣದಿಂದಲೇ ಕೆಲಸ ಮಾಡತೊಡಗುತ್ತದೆ. ಮತ್ತೊಂದು ಮೇಲ್ ಬೇಕಿಲ್ಲ.

ಆದರೆ ಮತ್ತೊಂದು ಮೇಲ್ ಇಲ್ಲದೆ ತಪ್ಪು ತಿದ್ದಿಕೊಂಡರೆ ಕೆಲಸ ಮಾಡಿದ್ದು ಯಾರಿಗೆ ಕಾಣಬೇಕು? ಹಾಗಾಗಿ ಫೈಲಿನ ಪ್ರತಿ ತೆಗೆಯಲಾಗುತ್ತದೆ. ಅದಕ್ಕೆ ‘ಫೈನಲ್ 2’ ಎಂದು ನಾಮಕರಣವಾಗುತ್ತದೆ. “ತಾಂತ್ರಿಕ ಕಾರಣಗಳಿಂದ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಪರಿಷ್ಕೃತ ಲಿಂಕ್ ಇಲ್ಲಿದೆ” ಎಂಬ ಪ್ರಕಟಣೆ ಹೊರಡುತ್ತದೆ. ಪ್ರತಿ ಎಂದರೆ ಹೊಸ ಫೈಲ್. ಅದರ ಅನುಮತಿಯೂ ಸೊನ್ನೆಯಿಂದ ಶುರು. ಹಳೆಯದು ಕಚೇರಿಯವರಿಗಾದರೂ ತೆರೆದುಕೊಳ್ಳುತ್ತಿತ್ತು. ಪರಿಷ್ಕೃತವಾದದ್ದು ತಯಾರಿಸಿದವರಿಗೆ ಮಾತ್ರ. ಈ ಸಲ ಪಕ್ಕದ ಮೇಜಿನವರಿಗೂ ಅರ್ಜಿದಾರರಾಗುವ ಭಾಗ್ಯ. ತಾಂತ್ರಿಕ ಕಾರಣ ಎಂಬುದು ಯಾವತ್ತೂ ಬಲು ವಿನಯಶೀಲ, ಎಲ್ಲರ ತಪ್ಪನ್ನೂ ತನ್ನ ಮೇಲೆ ಹಾಕಿಕೊಳ್ಳುತ್ತದೆ.

ಕೊನೆಗೂ ಯಾರೋ ಬುದ್ಧಿವಂತರು ಸರಿಯಾದ ಸಾಲನ್ನು ಹುಡುಕಿ ಅದನ್ನು ಒತ್ತಲು ಹೋಗುತ್ತಾರೆ. ಅಲ್ಲಿ ‘Anyone with the link’ ಎಂಬ ಆಯ್ಕೆಯೇ ಇಲ್ಲ! ಸಂಸ್ಥೆಯ ಅಡ್ಮಿನ್ ಹೊರಗಿನವರ ಜೊತೆ ಹಂಚುವುದನ್ನು ಎಲ್ಲರಿಗೂ ಒಟ್ಟಿಗೆ ಬಂದ್ ಮಾಡಿಟ್ಟಿದ್ದರೆ ಹೀಗಾಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅಡ್ಮಿನ್ ಸಾಹೇಬರನ್ನು ಕೇಳಿದರೆ, “ಭದ್ರತೆಯ ದೃಷ್ಟಿಯಿಂದ ಸಾಧ್ಯವಿಲ್ಲ. ಲಿಂಕ್ ಒಬ್ಬರಿಂದ ಒಬ್ಬರಿಗೆ ಹೋಗಿ ಎಲ್ಲರೂ ನೋಡಿಬಿಟ್ಟರೆ?” ಎನ್ನುತ್ತಾರೆ. ಅವರ ಮಾತಿನ ಮೊದಲ ಭಾಗ ಸರಿಯೇ. ಅಂಥ ಲಿಂಕನ್ನು ಯಾರು ಯಾರಿಗೆ ಬೇಕಾದರೂ ದಾಟಿಸಬಹುದು, ಆಮೇಲೆ ಯಾರು ನೋಡಿದರೆಂದು ಹಿಡಿಯುವುದು ಕಷ್ಟ. ಗುಟ್ಟಿನ ಕಡತಕ್ಕೆ ಅದು ತಕ್ಕದ್ದಲ್ಲ. ಆದರೆ ಇದು ಎಲ್ಲರೂ ನೋಡಲೆಂದೇ ಮಾಡಿದ ಡೆಕ್ಕು. ಎಲ್ಲರೂ ನೋಡಿಬಿಡುತ್ತಾರೆ ಎಂಬ ಭಯಕ್ಕೆ ಅದನ್ನು ಬೀಗ ಹಾಕಿ ಕಾಯುವ ಭದ್ರತೆಗೆ ಕೈ ಮುಗಿಯಬೇಕು. ಬೀಗ ತೆಗೆಯಲು ಅವರು ಒಪ್ಪದಿದ್ದರೂ ದಾರಿ ಇದೆ: ಫೈಲ್ ಮೆನುವಿನಲ್ಲಿ ‘Download’ಗೆ ಹೋಗಿ ಪಿಡಿಎಫ್ ಇಳಿಸಿಕೊಂಡು ಮೇಲಿಗೆ ಲಗತ್ತಿಸುವುದು. ಅದಕ್ಕೆ ಯಾರ ಅನುಮತಿಯೂ ಬೇಡ. ಬಹುಶಃ ಅದಕ್ಕೇ ಅದು ಯಾರಿಗೂ ಹೊಳೆಯುವುದಿಲ್ಲ.

ಸಭೆಯ ಮೇಲೆ ಸಭೆ ನಡೆದು ಅಡ್ಮಿನ್ ಮನಸ್ಸು ಕರಗುತ್ತದೆ. ಮಂಗಳವಾರ ಮಧ್ಯಾಹ್ನ ಆಯ್ಕೆ ಪ್ರತ್ಯಕ್ಷವಾಗುತ್ತದೆ. ಇಷ್ಟು ದಿನ ಬೈಸಿಕೊಂಡ ಸಿಟ್ಟಿಗೋ ಉತ್ಸಾಹಕ್ಕೋ, ಈ ಸಲ ‘Viewer’ ಬದಲು ‘Editor’ ಒತ್ತಿ ಹೋಗುತ್ತದೆ. ನೋಡಲೂ ಬಿಡದವರು ಈಗ ಹೊರಗಿನವರಿಗೆ ಬರೆಯುವ ಅಧಿಕಾರವನ್ನೇ ಧಾರೆ ಎರೆದಿದ್ದಾರೆ. ಡೆಕ್ಕಿನ ಮೇಲ್ತುದಿಯಲ್ಲಿ ಅನಾಮಧೇಯ ಕ್ಯಾಪಿಬರಾ, ಅನಾಮಧೇಯ ಕ್ವಾಕ್ಕಾ ಪ್ರತ್ಯಕ್ಷ. ಲಾಗಿನ್ ಆಗದೆ ಬಂದವರಿಗೆ ಗೂಗಲ್ ಕೊಡುವ ಪ್ರಾಣಿವೇಷಗಳಿವು. ಕ್ಯಾಪಿಬರಾ ಒಂಬತ್ತನೇ ಸ್ಲೈಡಿನ ಶೀರ್ಷಿಕೆಯನ್ನು ಕೈತಪ್ಪಿ ಅಳಿಸುತ್ತದೆ, ಕ್ವಾಕ್ಕಾ ಬೇಕೆಂದೇ ‘ಪಾರದರ್ಶಕತೆ’ಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಇಡೀ ಪ್ರಕ್ರಿಯೆಯಲ್ಲಿ ಸಾರ್ವಜನಿಕರಿಂದ ಬಂದ ಮೊದಲ ಅಭಿಪ್ರಾಯ ಅದೇ. ಆದರೆ ಕಚೇರಿಯವರು ಅದನ್ನು ದಾಖಲಿಸಿಕೊಳ್ಳುವ ಬದಲು ‘Version history’ಗೆ ಹೋಗಿ ಬೆಳಗಿನ ಆವೃತ್ತಿಯನ್ನು ಮರಳಿಸುತ್ತಾರೆ. ಆವೃತ್ತಿ ಹಿಂದಕ್ಕೆ ಹೋಗುತ್ತದೆ, ಅನುಮತಿ ಹೋಗುವುದಿಲ್ಲ. ಹತ್ತು ನಿಮಿಷದಲ್ಲಿ ಪ್ರಶ್ನಾರ್ಥಕ ಚಿಹ್ನೆ ವಾಪಸ್ಸು.

ಬುಧವಾರದ ಹೊತ್ತಿಗೆ ‘Viewer’ ಸರಿಯಾಗಿದೆ. ಇನ್‌ಕಾಗ್ನಿಟೊದಲ್ಲಿ, ಲಾಗಿನ್ ಆಗದೆಯೇ, ಯಾರೋ ಪುಣ್ಯಾತ್ಮರು ಪರೀಕ್ಷಿಸಿದ್ದಾರೆ. ಮೊದಲ ಸ್ಲೈಡ್ ಬಂದಿದೆ, ಎರಡನೆಯದೂ ಬಂದಿದೆ. ಸಂಭ್ರಮದಲ್ಲಿ ಅಲ್ಲಿಗೇ ನಿಲ್ಲಿಸಿದ್ದಾರೆ. ಹದಿನಾಲ್ಕನೇ ಸ್ಲೈಡಿನಲ್ಲಿ ಡ್ರೈವಿನಿಂದ ತಂದು ಸೇರಿಸಿದ ವೀಡಿಯೊ ಇದೆ. ಅದು ಡೆಕ್ಕಿನೊಳಗೆ ಕೂತಿದ್ದರೂ ಬೇರೆಯೇ ಫೈಲು, ಅದರ ಅನುಮತಿಯೂ ಬೇರೆ. ಡೆಕ್ಕಿಗೆ ಬಾಗಿಲು ತೆರೆದ ಮಾತ್ರಕ್ಕೆ ವೀಡಿಯೊಗೆ ತೆರೆದುಕೊಳ್ಳುವುದಿಲ್ಲ. ಹೊರಗಿನ ಓದುಗ ಇಷ್ಟು ದೂರ ಬಂದು ಪ್ಲೇ ಒತ್ತಿದರೆ ಏನೂ ಓಡದು. ಅಧ್ಯಕ್ಷರು ಕೈ ಬೀಸುತ್ತಾ “ಬನ್ನಿ, ನಮ್ಮೊಂದಿಗೆ ಕೈಜೋಡಿಸಿ” ಎನ್ನುವುದು ಆ ವೀಡಿಯೊದಲ್ಲೇ.

ವೀಡಿಯೊದ ಅನುಮತಿಗೆ ಮತ್ತೆ ಅರ್ಜಿ ಹಾಕುವಷ್ಟು ವ್ಯವಧಾನ ಓದುಗನಿಗೂ ಉಳಿದಿಲ್ಲ. ಕಾಯುವುದೇಕೆಂದು ಅವನು ಸ್ಲೈಡಿನ ಕೆಳಗೆ ಕಣ್ಣಾಡಿಸುತ್ತಾನೆ. ಭಾಷಣಕಾರರಿಗಾಗಿ ಬರೆದಿಟ್ಟ ಟಿಪ್ಪಣಿಗಳು ನೋಡುವ ಅನುಮತಿ ಇದ್ದವರಿಗೂ ಅಲ್ಲಿ ಕಾಣುತ್ತವೆ. ಪಿಡಿಎಫ್ ಮಾಡಿ ಕಳಿಸಿದ್ದರೆ ಆ ಟಿಪ್ಪಣಿಗಳು ಕಚೇರಿಯಲ್ಲೇ ಉಳಿಯುತ್ತಿದ್ದವು. ಐದು ದಿನ ಬೀಗ ಹಾಕಿ ಕಾದ ಡೆಕ್ಕಿನಲ್ಲಿ ಮುಚ್ಚಿಡಬೇಕಾದದ್ದು ಇದ್ದದ್ದು ಅಷ್ಟೇ, ತೆರೆದುಕೊಂಡದ್ದೂ ಅದೇ. ಹದಿನೈದನೇ ಸ್ಲೈಡಿನ ಕೆಳಗೆ ಹೀಗಿದೆ: “ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ, ಖರ್ಚಿನ ಬಗ್ಗೆ ಕೇಳ್ತಾರೆ. ಅಭಿಪ್ರಾಯ ಯಾರೂ ಕಳಿಸಲ್ಲ, ಬಂದರೂ ಕೆಲಸ ಆಗಲೇ ಶುರುವಾಗಿದೆ.”