ಒತ್ತುವ ಮುನ್ನ ಟಿಕ್ ನೋಡಿ

“ಪಾಲಿಸಿ ಬದಲಾಗಿದೆ ಅಂತ ನೋಟಿಸ್ ಬಂದರೆ ‘ಒಪ್ಪಿಗೆ’ ಒತ್ತದೆ ಬೇರೆ ದಾರಿ ಇದೆಯಾ?”

ಕೆಲವೊಮ್ಮೆ ಇರುತ್ತದೆ, ಆದರೆ ಕಣ್ಣಿಗೆ ಬೀಳುವಂತೆ ಇರುವುದಿಲ್ಲ. 2016ರ ಆಗಸ್ಟ್‌ನಲ್ಲಿ ವಾಟ್ಸಾಪ್ ತನ್ನ ಬಳಕೆದಾರರ ಖಾತೆ ಮಾಹಿತಿಯನ್ನು ಫೇಸ್‌ಬುಕ್ ಜತೆ ಹಂಚಿಕೊಳ್ಳುವುದಾಗಿ ಹೇಳಿತು. ಹಳೆಯ ಬಳಕೆದಾರರಿಗೆ ಬೇಡ ಎನ್ನುವ ಅವಕಾಶವಿತ್ತು. ನೋಟಿಸ್‌ನಲ್ಲಿ ಹೆಚ್ಚಿನ ವಿವರ ತೆರೆದರೆ ಮೊದಲೇ ಟಿಕ್ ಆಗಿದ್ದ ಒಂದು ಚೌಕ ಕಾಣುತ್ತಿತ್ತು, ಅದನ್ನು ತೆಗೆಯಬೇಕಿತ್ತು. ಒಪ್ಪಿಬಿಟ್ಟವರಿಗೂ ಸೆಟ್ಟಿಂಗ್ಸ್‌ನ ಅಕೌಂಟ್ ವಿಭಾಗದಲ್ಲಿ 30 ದಿನ ಗಡುವಿತ್ತು. ಟಿಕ್ ತೆಗೆಯದೆ ಒಪ್ಪಿ ಸುಮ್ಮನಿದ್ದವರದ್ದು ಹಂಚಿಕೆಗೂ ಒಪ್ಪಿಗೆ ಎಂದೇ ಲೆಕ್ಕ. ಜಾಹೀರಾತಿಗೆ ಬಳಸಬೇಡಿ ಎಂದಷ್ಟೇ ಹೇಳಲು ಅವಕಾಶವಿತ್ತು, ಹಂಚಿಕೆ ಪೂರ್ತಿ ನಿಲ್ಲುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

2021ರಲ್ಲಿ ಅದೇ ಆ್ಯಪ್‌ನ ನೋಟಿಸ್‌ಗೆ ಜನ ಹೆಚ್ಚು ಗಾಬರಿಯಾದರು. ಅದು ಮುಖ್ಯವಾಗಿ ವ್ಯಾಪಾರ ಸಂಸ್ಥೆಗಳ ಜತೆಗಿನ ಚಾಟ್ ಕುರಿತದ್ದು. ಮನೆಯವರ ಜತೆಗಿನ ಮಾತಿನ ಎನ್‌ಕ್ರಿಪ್ಶನ್ ಬದಲಾಗಿರಲಿಲ್ಲ. ಅಲ್ಲಿ ತೆಗೆಯಲು ಟಿಕ್ಕೂ ಇರಲಿಲ್ಲ.

ಹಾಗಾಗಿ ಪಾಲಿಸಿಯನ್ನು ಬ್ರೌಸರ್‌ನಲ್ಲಿ ತೆರೆದು opt out, unless, by default ಎಂದು ಹುಡುಕಿ. ಅವುಗಳ ಪಕ್ಕ ದಿನಾಂಕವಿದ್ದರೆ ಆ ದಿನದೊಳಗೆ ನೀವು ತೀರ್ಮಾನಿಸಬೇಕು. ವಿಳಾಸ ಬದಲಾವಣೆ, ವಾಕ್ಯ ಸರಳಗೊಳಿಸಿದ್ದು ಇತ್ಯಾದಿ ಓದಿ ಬಿಟ್ಟರೆ ಸಾಕು.