ಭಾವನ ಬಿಳಿ ಅಂಗಿ

ಕಳೆದ ಮೇ ತಿಂಗಳಲ್ಲಿ ಮಾವನ ಮಗನ ಉಪನಯನಕ್ಕೆಂದು ಸಾಗರದ ಹತ್ತಿರದ ಅಜ್ಜನ ಮನೆಗೆ ಹೋದೆ. ರಾತ್ರಿ ಬಸ್ಸಿನಲ್ಲಿ ಬ್ಯಾಗು ಅದಲುಬದಲಾಗಿತ್ತು. ಮನೆಗೆ ಬಂದು ಜಿಪ್ ಎಳೆದರೆ ಒಳಗೆ ಯಾವುದೋ ಮಗುವಿನ ಆರು ಫ್ರಾಕು, ಒಂದು ಬಣ್ಣದ ಛತ್ರಿ. ಅವುಗಳಲ್ಲಿ ಯಾವುದೂ ನನಗಾಗುವಂತಿರಲಿಲ್ಲ. ಭಾವ ದೊಡ್ಡ ಮನಸ್ಸು ಮಾಡಿ ತಮ್ಮ ಬಿಳಿ ಹತ್ತಿಯ ಅಂಗಿ ಕೊಟ್ಟರು. "ಒಂದೇ ಸಲ ಹಾಕಿದ್ದು, ನಿಧಾನ," ಅಂದರು.

ಬೆಳಿಗ್ಗೆ ಹತ್ತಕ್ಕೆ ಹಲಸಿನ ಹಣ್ಣು ಕೊಚ್ಚುವ ಕೆಲಸಕ್ಕೆ ನಿಂತೆ. ಕೈಗೆ ಎಣ್ಣೆ ಹಚ್ಚಿಕೊಂಡಿದ್ದೆ, ತೋಳಿಗೆ ಹಚ್ಚಿಕೊಂಡಿರಲಿಲ್ಲ. ಮೇಣ ತೋಳಿಗೇ ಹಿಡಿಯಿತು. ನೀರು ಹಾಕಿ ಉಜ್ಜಿದೆ. ಒಂದು ಇಂಚಿನ ಮೇಣ ನಾಲ್ಕು ಇಂಚಾಯಿತು. ತೋಳು ಮಡಚಿದೆ, ಯಾರಿಗೂ ಕಾಣಲಿಲ್ಲ. ಮಧ್ಯಾಹ್ನ ಬಡಿಸುವಾಗ ಹುಳಿಯ ಸೌಟು ಜಾರಿ ಜೇಬಿನ ಮೇಲೆ ಕೂತಿತು. ಟವೆಲ್ ಹೊದ್ದೆ. ಸಂಜೆ ಚಪ್ಪರಕ್ಕೆ ಬಾಳೆಕಂಬ ಕಡಿದು ಹೊತ್ತು ತಂದೆ. ಬೆನ್ನು ಒದ್ದೆಯಾಯಿತು. ನೀರು ತಾನೇ, ಒಣಗುತ್ತದೆ ಅಂದುಕೊಂಡೆ.

ಕತ್ತಲಾದ ಮೇಲೆ ಬಚ್ಚಲಿಗೆ ಹೋಗಿ ಜೇಬಿಗೆ ಬಟ್ಟೆ ಸೋಪು ಹಾಕಿ ಉಜ್ಜಿದೆ. ಹಳದಿ ಹೋಗಲಿಲ್ಲ, ರಕ್ತದಂತೆ ಕೆಂಪಾಯಿತು. ನಾನು ಕೂಗಿದ್ದು ಕೇಳಿ ಮೊದಲು ಓಡಿ ಬಂದದ್ದು ಅಮ್ಮಮ್ಮ, ಆಮೇಲೆ ನಾಯಿ.

"ಎಂತ ಮಾಡಿದ್ಯೋ ಮಾಣಿ? ಆರತಿ ನೀರು ಮಾಡಿದ್ಯಲ್ಲ!"

ಅಮ್ಮಮ್ಮ ನಕ್ಕಿದ್ದು ನನಗೆ ಹಿಡಿಸಲಿಲ್ಲ. ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ. "ಸುಣ್ಣದ ಗುಣವೇ ಸೋಪಿನಲ್ಲೂ ಉಂಟು. ಅದು ತಾಗಿದರೆ ಅರಿಶಿನ ಕೆಂಪಾಗ್ತದೆ. ಹುಳಿ ತಾಗಿದರೆ ತಿರುಗಿ ಹಳದಿ." ಅರ್ಧ ಲಿಂಬೆಹಣ್ಣು ಹಿಂಡಿದಳು. ಕಣ್ಣೆದುರಿಗೇ ಕೆಂಪು ಹಳದಿಯಾಯಿತು. ನಾನು ಸಂತೋಷದಿಂದ ಇನ್ನಷ್ಟು ಹಿಂಡಲು ಹೋದಾಗ ಕೈ ಹಿಡಿದಳು. ಲಿಂಬೆ ಬಣ್ಣ ಬದಲಿಸಿತೇ ಹೊರತು ಕಲೆ ತೆಗೆದಿರಲಿಲ್ಲ. ಒಗೆಯುತ್ತ ಒಗೆಯುತ್ತ ಕೆಂಪು ಮಾಡಿ, ಅದಕ್ಕೆ ಹೆದರಿ ಇನ್ನೂ ಸೋಪು ಹಾಕುವವರು ಊರಿಗೆ ಹತ್ತು ಜನ ಇರುತ್ತಾರಂತೆ. ಹನ್ನೊಂದನೆಯವನು ಬೆಂಗಳೂರಿನಿಂದ ಬಂದಿದ್ದ.

ಅಷ್ಟರಲ್ಲಿ ಮಡಚಿದ ತೋಳು ಬಿಚ್ಚಿ ಮೇಣವೂ ಸಿಕ್ಕಿಬಿತ್ತು. ಮೊದಲು ಅದಕ್ಕೇ ಕೈ ಹಾಕಿದಳು. ಮೇಣ ನೀರಿಗೆ ಕರಗುವುದಿಲ್ಲ, ನೀರು ಬಿದ್ದಷ್ಟೂ ಬಿಗಿಯುತ್ತದೆ. ಎಣ್ಣೆಗೆ ಮಾತ್ರ ಸಡಿಲುತ್ತದೆ. ಹಲಸು ಕೊಚ್ಚುವಾಗ ಕತ್ತಿಗೂ ಕೈಗೂ ಎಣ್ಣೆ ಸವರುವುದು ಅದಕ್ಕೇ. ಅರ್ಧ ಚಮಚ ಕೊಬ್ಬರಿ ಎಣ್ಣೆ ಹಾಕಿ ಹತ್ತು ನಿಮಿಷ ಬಿಟ್ಟಳು. ಆಮೇಲೆ ಹೆಬ್ಬೆರಳಿನಿಂದ ತಿಕ್ಕಿದರೆ ಮೇಣ ಸಣ್ಣ ಸಣ್ಣ ಉಂಡೆಗಳಾಗಿ ಎದ್ದು ಬಂತು. ಹಳೇ ಬಟ್ಟೆಯಲ್ಲಿ ಅದನ್ನು ಒರೆಸಿ ತೆಗೆಯುವುದು, ಮತ್ತೆ ಎಣ್ಣೆ ಹಾಕುವುದು, ಹೀಗೆ ಮೂರು ಸಲ. ಅವಸರ ಮಾಡಿ ಅದೇ ಬಟ್ಟೆಯ ಅದೇ ಜಾಗದಲ್ಲಿ ಒರೆಸಿದ್ದಕ್ಕೆ ನಾನು ಮೇಣವನ್ನು ಇನ್ನೊಂದು ತೋಳಿಗೂ ದಾಟಿಸಿದ್ದೆ.

ಈಗ ಎಣ್ಣೆ ತೆಗೆಯಬೇಕು. ಜೇಬಿನಲ್ಲೂ ಎಣ್ಣೆಯೇ ಇತ್ತು. ಅರಿಶಿನಕ್ಕೆ ನೀರು ಸೇರುವುದಿಲ್ಲ, ಒಗ್ಗರಣೆ ಎಣ್ಣೆಯ ಹೆಗಲೇರಿ ಬಟ್ಟೆಯೊಳಕ್ಕೆ ಹೋಗುತ್ತದೆ. ಸೋಪು ಹಾಕಿದರೆ ಮತ್ತೆ ಕೆಂಪು. ಅದಕ್ಕೆ ಅಮ್ಮಮ್ಮ ಅಂಟುವಾಳದ ಹತ್ತು ಕಾಯಿ ಜಜ್ಜಿ ಬಿಸಿನೀರಿಗೆ ಹಾಕಿ ನೊರೆ ಬರಿಸಿದಳು. ಅಂಟುವಾಳಕ್ಕೆ ಜಿಡ್ಡು ಬಿಡಿಸುವ ಗುಣ ಇದೆ, ಸುಣ್ಣದ ಗುಣ ಇಲ್ಲ. ನನಗಂತೂ ನಂಬಿಕೆ ಇರಲಿಲ್ಲ. ನೊರೆ ಜೇಬಿಗೆ ತಾಗಿದಾಗ ಉಸಿರು ಬಿಗಿಹಿಡಿದು ನೋಡಿದೆ. ಕೆಂಪಾಗಲಿಲ್ಲ. ಎಣ್ಣೆ ಹೋಯಿತು. ಹಳದಿ ಮಂಕಾಯಿತು, ಆದರೂ ಉಳಿಯಿತು.

"ಉಳಿದಿದ್ದು ನನ್ನ ಕೆಲಸ ಅಲ್ಲ, ಸೂರ್ಯಂದು," ಅಂದಳು.

ಮರುದಿನ ನಾನು ಮಾವನ ಶಲ್ಯ ಹೊದ್ದು ಉಪನಯನದಲ್ಲಿ ಓಡಾಡುತ್ತಿದ್ದಾಗ ಅಂಗಿ ಅಂಗಳದಲ್ಲಿ ಜೇಬು ಮೇಲಾಗಿ ಹರವಿಕೊಂಡಿತ್ತು. ಒಣಗಿದಾಗಲೆಲ್ಲ ನೀರು ಚಿಮುಕಿಸುವುದು ನನ್ನ ಪಾಲಿಗೆ. ಬಿಸಿಲಿಗೆ ಅರಿಶಿನದ ಬಣ್ಣವೇ ಕೆಡುತ್ತದೆ ಎಂದು ಅಮ್ಮಮ್ಮ ತೋರಿಸಿದ್ದು ಹೊಸಿಲಿನಲ್ಲಿ. ಹೆಬ್ಬಾಗಿಲಿನ ಹೊಸಿಲಿಗೆ ಬೆಳಿಗ್ಗೆ ಬಳಿದ ಅರಿಶಿನ ಸಂಜೆಗೆ ಬೆಳ್ಳಗಾಗಿರುತ್ತದೆ, ದೇವರ ಕೋಣೆಯ ಹೊಸಿಲಿನದು ಮೂರು ದಿನವಾದರೂ ಹಾಗೇ ಇರುತ್ತದೆ. ನಾನು ಹೋಗಿ ನೋಡಿ ಬಂದೆ, ಹಾಗೇ ಇತ್ತು. ಬಣ್ಣದ ಬಟ್ಟೆಗೆ, ರೇಷ್ಮೆಗೆ ಈ ಉಪಾಯ ಮಾಡಬಾರದು. ಸೂರ್ಯ ಕಲೆಯ ಜೊತೆಗೆ ಬಟ್ಟೆಯ ಬಣ್ಣವನ್ನೂ ತಿಂದು ಹೋಗುತ್ತಾನೆ. ಎರಡು ಬಿಸಿಲಿಗೆ ಜೇಬು ಬೆಳ್ಳಗಾಯಿತು. ನಾನು ಅಂಗಿಯನ್ನು ಗೆದ್ದ ಪದಕದಂತೆ ಎತ್ತಿ ಹಿಡಿದೆ.

ಅಮ್ಮಮ್ಮ ಬೆನ್ನು ನೋಡಿದಳು. "ಬಾಳೆ ಹೊತ್ತಿದ್ಯಾ?"

ಒಣಗುತ್ತದೆ ಎಂದುಕೊಂಡಿದ್ದ ನೀರು ಒಣಗಿತ್ತು. ಭುಜದಿಂದ ಸೊಂಟದವರೆಗೆ ಕಾಫಿ ಬಣ್ಣದ ಹತ್ತು ಹದಿನೈದು ಹನಿಗಳು, ಒಂದೊಂದಕ್ಕೂ ಕಪ್ಪು ಅಂಚು. ಬಾಳೆಯ ರಸ ಬೀಳುವಾಗ ನೀರಿನಂತೆಯೇ ಕಾಣುತ್ತದೆ. ಗಾಳಿ ತಾಗುತ್ತ ತಾಗುತ್ತ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾದ ಹಾಗೆ, ಬಣ್ಣ ತಿರುಗುತ್ತದೆ. ಬಾಳೆಹೂವು ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕುವುದೇಕೆ? ಹುಳಿ ಇದ್ದಲ್ಲಿ ಆ ಕಪ್ಪಾಗುವ ಕೆಲಸ ತಡವಾಗುತ್ತದೆ. ಬಿದ್ದ ಕೂಡಲೇ ಅಂಗಿ ಬಿಚ್ಚಿ ಲಿಂಬೆ ನೀರಲ್ಲಿ ತೊಳೆದಿದ್ದರೆ ಅಷ್ಟಿಷ್ಟು ಬದುಕುತ್ತಿತ್ತು. ಎರಡು ದಿನದ ಮೇಲೆ, ಅದೂ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಮೇಲೆ?

"ಇದು ಹೋಗೂದಿಲ್ಲ," ಅಂದಳು. ಅಮ್ಮಮ್ಮನ ಬಾಯಿಂದ ಹೋಗೂದಿಲ್ಲ ಎಂಬ ಮಾತು ಕೇಳಿದ್ದು ಅದೇ ಮೊದಲು. ನನ್ನ ಕಣ್ಣೆದುರು ಭಾವನ ಮುಖ ಬಂತು. ಸ್ವಲ್ಪ ಹೊತ್ತು ಎಲೆಯಡಿಕೆ ಜಗಿದು, "ಕಲೆ ಹೋಗದಿದ್ದರೆ ಬಟ್ಟೆಯನ್ನೇ ಕಲೆ ಮಾಡಿದರಾಯ್ತು" ಎಂದು ಎದ್ದು ಹೋದಳು.

ಅಟ್ಟದಿಂದ ಇಳಿದದ್ದು ಹೋದ ವರ್ಷ ಅಡಿಕೆ ಬೇಯಿಸಿದಾಗಿನ ಚೊಗರು. ಕಾಕಂಬಿಯಂತೆ ಗಟ್ಟಿ. ಅದೂ ಬಾಳೆರಸದ ಜಾತಿಯದೇ, ಹತ್ತಿ ನೂಲನ್ನು ಹಿಡಿದರೆ ಬಿಡುವುದಿಲ್ಲ. ಬಿಸಿನೀರಿಗೆ ಎರಡು ಸೌಟು ಕಲಸು ಎಂದಳು. ನಾನು ಹೊರಗಿದ್ದ ಕಬ್ಬಿಣದ ಬಕೆಟ್ಟು ತಂದೆ. ಅವಳು ಕೂಗಿದ ಕೂಗಿಗೆ ನಾಯಿ ಮತ್ತೆ ಓಡಿ ಬಂತು. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುವುದಿಲ್ಲವೇ, ಹಾಗೇ ಚೊಗರಿಗೆ ಕಬ್ಬಿಣ ಸೇರಿದರೆ ಕಂದು ಹೋಗಿ ಮಸಿಯಾಗುತ್ತದೆ. ತಾಮ್ರದ ಹಂಡೆ ಬಂತು. ಅಂಗಿಯನ್ನು ಮೊದಲು ನೀರಲ್ಲಿ ಪೂರ್ತಿ ನೆನೆಸಿ ಅದರೊಳಗೆ ಇಳಿಸಿದೆವು, ಒಣಬಟ್ಟೆ ಹಾಕಿದರೆ ಬಣ್ಣ ಪಟ್ಟೆಪಟ್ಟೆಯಾಗಿ ಹಿಡಿಯುತ್ತದಂತೆ. ಅರ್ಧ ಗಂಟೆ ತಿರುವಿದೆ. ನೆರಳಲ್ಲಿ ಒಣಗಿಸಿ ಮತ್ತೊಮ್ಮೆ ಅದ್ದಿದೆ. ನನ್ನ ಉಗುರುಗಳೂ ಅದೇ ಬಣ್ಣವಾದವು, ಎರಡು ವಾರ ಇದ್ದವು.

ಸಂಜೆ ನೋಡಿದರೆ ಕೆಂಗಂದು ಬಣ್ಣದ ಅಂಗಿ. ಬೆನ್ನಿನ ಹನಿಗಳು ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು. ಆದರೆ ಹೊಲಿಗೆಯ ನೂಲು ಪಾಲಿಯೆಸ್ಟರ್. ಅದಕ್ಕೆ ಚೊಗರು ಹತ್ತಿರಲೇ ಇಲ್ಲ. ಕಾಲರ್, ಜೇಬು, ತೋಳಿನ ಸುತ್ತ ಬಿಳಿ ಹೊಲಿಗೆಗಳು ರಂಗೋಲಿ ಚುಕ್ಕಿಯ ಹಾಗೆ ಸಾಲಾಗಿ ಎದ್ದು ಕಾಣುತ್ತಿದ್ದವು.

ಅದೇ ಹೊತ್ತಿಗೆ ಸಾಗರದ ಬಸ್ ನಿಲ್ದಾಣದಿಂದ ಫೋನು ಬಂದು, ಫ್ರಾಕಿನ ಬ್ಯಾಗು ಕೊಟ್ಟು ನನ್ನ ಬ್ಯಾಗು ತಂದೆ. ಭಾವ ಕಂದು ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಚೊಗರಿನ ವಾಸನೆ ನೋಡಿದರು. ಏನೂ ಹೇಳಲಿಲ್ಲ. ನನ್ನ ಬ್ಯಾಗು ತೆರೆದು, ಇಸ್ತ್ರಿ ಮಡಿಕೆ ಬಿಚ್ಚದ ಬಿಳಿ ಅಂಗಿ ಒಂದನ್ನು ಆರಿಸಿಕೊಂಡು, ಕಂದು ಅಂಗಿಯನ್ನು ಆ ಜಾಗದಲ್ಲಿ ನೀಟಾಗಿ ಮಡಚಿಟ್ಟರು.