ಭಾವನ ಮೊಬೈಲಿನಲ್ಲಿ ಏಪ್ರಿಲ್ 10

ಡೊಂಬಿವಲಿಯ ಅಕ್ಕನ ಮನೆಯಲ್ಲಿ ಪ್ರತಿ ತಿಂಗಳ 2ರಂದು ಭಾವನ ಮೊಬೈಲಿಗೆ ಬ್ಯಾಂಕಿನ ಸಂದೇಶ ಬರುತ್ತದೆ. 5ಕ್ಕೆ ಗೃಹಸಾಲದ ಕಂತು, ಖಾತೆಯಲ್ಲಿ ಹಣ ಇರಲಿ ಎಂದು. ಭಾವ ತಕ್ಷಣ ಖಾತೆ ನೋಡುತ್ತಾರೆ, ಕಡಿಮೆಯಿದ್ದರೆ ತುಂಬಿಸಿಡುತ್ತಾರೆ. ಆರು ವರ್ಷಗಳಲ್ಲಿ ಒಂದು ಕಂತೂ ತಪ್ಪಿಲ್ಲ. ಆದರೆ ಸಾಲ ಎಷ್ಟು ಉಳಿದಿದೆ ಎಂದು ಕಳೆದ ವರ್ಷ ಕೇಳಿದಾಗ ಅವರಿಗೆ ಉತ್ತರ ತಿಳಿದಿರಲಿಲ್ಲ. "ಕಂತು ಸರಿಯಾಗಿ ಹೋಗುತ್ತಿದೆಯಲ್ಲ, ಇನ್ನೇನು ನೋಡುವುದಿದೆ?" ಎಂದರು.

ನೋಡುವುದು ಇತ್ತು. ಸಾಲ 30 ಲಕ್ಷ, ಅವಧಿ 20 ವರ್ಷ. ನಡುವೆ ಬಡ್ಡಿ ಸ್ವಲ್ಪ ಏರಿಳಿದಿದೆ. ಲೆಕ್ಕ ಸರಳವಾಗಲೆಂದು ಶೇಕಡ 8.5 ಎಂದೇ ಹಿಡಿಯುತ್ತೇನೆ. ಆಗ ಕಂತು 26,035 ರೂಪಾಯಿ. ಕಳೆದ ವರ್ಷದವರೆಗಿನ 60 ಕಂತುಗಳಲ್ಲಿ ಕಟ್ಟಿದ್ದು 15 ಲಕ್ಷ 62 ಸಾವಿರ, ಅದರಲ್ಲಿ ಅಸಲಿಗೆ ಹೋದದ್ದು ಸುಮಾರು 3 ಲಕ್ಷ 56 ಸಾವಿರ ಮಾತ್ರ. ಉಳಿದದ್ದೆಲ್ಲ ಬಡ್ಡಿ. ನಾನು ಈ ಲೆಕ್ಕ ಬರೆದುಕೊಟ್ಟ ಹಾಳೆಯನ್ನು ಅಕ್ಕ ಎರಡು ಸಲ ಓದಿದಳು.

ತಿಂಗಳ ಜ್ಞಾಪನೆ ಬೇಕೇ ಬೇಕು. ಕಂತು ತಪ್ಪಿದರೆ ದಂಡ ಬೀಳುತ್ತದೆ, ಸಾಲದ ಚರಿತ್ರೆಯೂ ಕೆಡುತ್ತದೆ. ಆದರೆ ಅದು ಕೇಳುವುದು ಒಂದೇ ಪ್ರಶ್ನೆ: ಈ ತಿಂಗಳು ಹಣ ಇದೆಯೇ? ಅಸಲಿಗೆ ಒಂದಷ್ಟು ಮುಂಗಡವಾಗಿ ಕಟ್ಟಬಹುದೇ ಎಂದು ಅದು ಎಂದಿಗೂ ಕೇಳುವುದಿಲ್ಲ. ಅದಕ್ಕಾಗಿ ಭಾವನ ಮೊಬೈಲಿನ ಕ್ಯಾಲೆಂಡರಿನಲ್ಲಿ ವರ್ಷಕ್ಕೊಮ್ಮೆ ಮರಳುವ ಇನ್ನೊಂದು ಜ್ಞಾಪನೆ ಹಾಕಿಸಿದೆ, ಏಪ್ರಿಲ್ 10ಕ್ಕೆ. ಮಾರ್ಚ್‌ಗೆ ಮುಗಿದ ವರ್ಷದ ಬಡ್ಡಿ ಪ್ರಮಾಣಪತ್ರ ಆ ಹೊತ್ತಿಗೆ ಸಿಗುತ್ತದೆ, ಯುಗಾದಿಯ ಖರ್ಚೂ ಸಾಮಾನ್ಯವಾಗಿ ಮುಗಿದಿರುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಅವರ ಕೈಯಲ್ಲಿ 2 ಲಕ್ಷ ಹೆಚ್ಚುವರಿ ಇತ್ತು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಮೊದಲೇ ತೀರಿಸಿದರೆ ಬ್ಯಾಂಕ್ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ, ಹಾಗಾಗಿ ಆ ಚಿಂತೆ ಇರಲಿಲ್ಲ. ಭಾವ ಶಾಖೆಗೆ ಹೋಗಿ ಕಟ್ಟಿ ಬಂದರು. ಸಂಜೆ ಫೋನ್ ಮಾಡಿ, "ಕಂತು 24,065ಕ್ಕೆ ಇಳಿಯಿತು" ಎಂದು ಖುಷಿಯಿಂದ ಹೇಳಿದರು. ನನಗೆ ಎದೆ ಧಸಕ್ಕೆಂದಿತು. ಅರ್ಜಿಯಲ್ಲಿ ಕಂತು ಇಳಿಸುವುದೋ ಅವಧಿ ಇಳಿಸುವುದೋ ಎಂಬ ಆಯ್ಕೆ ಇರುತ್ತದೆ. ಗುಮಾಸ್ತರು ಕೇಳದೆಯೇ ಮೊದಲನೆಯದಕ್ಕೆ ಗುರುತು ಹಾಕಿದ್ದರು.

ವ್ಯತ್ಯಾಸ ಸಣ್ಣದಲ್ಲ. ಕಂತು ಇಳಿಸಿ 180 ತಿಂಗಳನ್ನು ಹಾಗೆಯೇ ಬಿಟ್ಟರೆ ಉಳಿತಾಯವಾಗುವ ಬಡ್ಡಿ ಸುಮಾರು 1 ಲಕ್ಷ 55 ಸಾವಿರ. ಅದೇ 26,035ನ್ನು ಕಟ್ಟುತ್ತಾ ಅವಧಿ ಇಳಿಸಿದರೆ ಸಾಲ 155 ತಿಂಗಳಲ್ಲಿ ಮುಗಿಯುತ್ತದೆ, ಬಡ್ಡಿ ಸುಮಾರು 4 ಲಕ್ಷ 54 ಸಾವಿರ ಉಳಿತಾಯವಾಗುತ್ತದೆ. ಮುಂಗಡವಾಗಿ ಕಟ್ಟಿದ ಹಣ ಎರಡರಲ್ಲೂ ಅದೇ 2 ಲಕ್ಷ. ಸಂಬಳ ಅನಿಶ್ಚಿತವಾಗಿರುವವರಿಗೆ ಕಂತು ಇಳಿಸುವುದೇ ಸರಿ, ಅದನ್ನು ಒಪ್ಪುತ್ತೇನೆ. ಆದರೆ ಭಾವನ ನೌಕರಿ ಗಟ್ಟಿಯಾಗಿದೆ. ಮರುದಿನವೇ ಲಿಖಿತ ಅರ್ಜಿ ಕೊಟ್ಟು ಹಳೆಯ ಕಂತನ್ನು ಮರಳಿ ಪಡೆದೆವು. ವಾರದ ನಂತರ ಹೊಸ ಕಂತುಪಟ್ಟಿ ತರಿಸಿ ಅಸಲಿನಿಂದ ಪೂರ್ತಿ 2 ಲಕ್ಷ ಕಳೆದಿದೆಯೇ ಎಂದು ನೋಡಿದೆವು. ಆ ಪಟ್ಟಿ ನೋಡದೆ ಯಾರೂ ನಿಶ್ಚಿಂತರಾಗಬೇಡಿ. ಕೆಲವೊಮ್ಮೆ ಆ ಹಣವನ್ನು ಮುಂದಿನ ತಿಂಗಳುಗಳ ಕಂತು ಎಂದು ಜಮಾ ಮಾಡಿಕೊಂಡಿರುತ್ತಾರೆ.

ಇದನ್ನು ಬೇಗ ಮಾಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇದೇ 2 ಲಕ್ಷವನ್ನು ಸಾಲ ಪಡೆದು ಹದಿನೈದು ವರ್ಷಗಳಾದ ಮೇಲೆ ಕಟ್ಟಿ ಅವಧಿ ಇಳಿಸಿದ್ದರೆ ಉಳಿತಾಯವಾಗುತ್ತಿದ್ದ ಬಡ್ಡಿ ಸುಮಾರು 94 ಸಾವಿರ ಅಷ್ಟೇ. ಉಳಿಸಿಕೊಡುವ ದರ ಆಗಲೂ ಶೇಕಡ 8.5, ಅದು ದುಡಿಯಲು ಉಳಿದ ವರ್ಷಗಳು ಮಾತ್ರ ಕಡಿಮೆ.

ಹಾಗೆಂದು ಪ್ರತಿ ಏಪ್ರಿಲ್‌ನಲ್ಲೂ ಉತ್ತರ "ಕಟ್ಟು" ಎಂದೇ ಇರಬೇಕಿಲ್ಲ. ಅಸಲಿಗೆ ಹೋದ ಹಣ ಆಸ್ಪತ್ರೆಯ ಖರ್ಚು ಬಂದಾಗ ಕೈಗೆ ಮರಳುವುದಿಲ್ಲ. ಆದ್ದರಿಂದ ಆರು ತಿಂಗಳ ಮನೆಖರ್ಚು ಮತ್ತು ಕಂತಿನ ಹಣ ಮೊದಲು ಪಕ್ಕದಲ್ಲಿರಬೇಕು. ಕ್ರೆಡಿಟ್ ಕಾರ್ಡಿನ ಬಾಕಿಯೋ ವೈಯಕ್ತಿಕ ಸಾಲವೋ ಇದ್ದರೆ ಅದರ ಬಡ್ಡಿ ಗೃಹಸಾಲಕ್ಕಿಂತ ಎಷ್ಟೋ ಹೆಚ್ಚು, ಅದನ್ನೇ ಮೊದಲು ತೀರಿಸಬೇಕು.

ಈ ವರ್ಷದ ಏಪ್ರಿಲ್ 10ರಂದು ಮೂವರೂ ಮತ್ತೆ ಕುಳಿತೆವು. ಕೈಯಲ್ಲಿ 80 ಸಾವಿರ ಇತ್ತು, ಆದರೆ ಜುಲೈನಲ್ಲಿ ಮಗಳ ಕಾಲೇಜು ಶುಲ್ಕ ಕಟ್ಟಬೇಕಿದೆ. ಈ ಸಲ ಬೇಡ ಎಂದು ಅಕ್ಕನೇ ತೀರ್ಮಾನಿಸಿದಳು. ಭಾವ ಮುಂದಿನ ವರ್ಷದ ಜ್ಞಾಪನೆಯಲ್ಲಿ ಒಂದು ಸಾಲು ಸೇರಿಸಿದರು: "ಇಂದು ಉಳಿದ ಕಂತುಗಳು 143. ಬಡ್ಡಿ ಬದಲಾಗದಿದ್ದರೆ ಮುಂದಿನ ಏಪ್ರಿಲ್‌ಗೆ 131 ಇರಬೇಕು. ಹೆಚ್ಚಿದ್ದರೆ ಬ್ಯಾಂಕಿನಲ್ಲಿ ಕೇಳುವುದು."